ಬಟ್ಟೆ ಒಗೆದ ನೀರು, ಸ್ನಾನದ ನೀರು ಗಿಡಕ್ಕೆ: ಸೋಪಿನಿಂದ ಪಾತಿಯವರೆಗೆ ಹಂತ ಹಂತವಾಗಿ

ಬಳಸಿದ ನೀರನ್ನು ಗಿಡಕ್ಕೆ ಬಿಡಲು ಹೋಗಿ ಕೈಬಿಟ್ಟವರನ್ನು ಕೇಳಿದರೆ ಕತೆ ಹೆಚ್ಚುಕಡಿಮೆ ಒಂದೇ. ಮೊದಲು ದೊಡ್ಡ ಡ್ರಮ್ ತಂದಿರುತ್ತಾರೆ. ವಾಷಿಂಗ್ ಮೆಷಿನ್ನಿನ ನೀರು ಅದರಲ್ಲಿ ತುಂಬುತ್ತದೆ. ಅದಕ್ಕೊಂದು ಜಾಲರಿ, ಒಂದು ಪಂಪು, ಅಲ್ಲಿಂದ ಹನಿ ನೀರಾವರಿಯ ಪೈಪು. ಎರಡು ಮೂರು ದಿನಕ್ಕೆ ಡ್ರಮ್ ಕೊಳೆತ ಮೊಟ್ಟೆಯಂತೆ ನಾರಲು ಶುರುವಾಗುತ್ತದೆ, ಜಾಲರಿಗೆ ಬಟ್ಟೆಯ ನಾರು ಕಟ್ಟಿಕೊಳ್ಳುತ್ತದೆ, ಹನಿ ತೂತುಗಳು ಒಂದೊಂದಾಗಿ ಮುಚ್ಚಿಹೋಗುತ್ತವೆ. ಇಷ್ಟನ್ನೂ ಸಹಿಸಿಕೊಂಡವರ ತೋಟದಲ್ಲಿ ಕೆಲವು ತಿಂಗಳ ಮೇಲೆ ಎಲೆಯ ಅಂಚು ಸುಡುತ್ತದೆ.

ಇಲ್ಲಿ ತಪ್ಪಿರುವುದು ಸಾಮಾನಿನಲ್ಲಲ್ಲ, ಕೆಲಸದ ಅನುಕ್ರಮದಲ್ಲಿ. ಪೈಪು, ಡ್ರಮ್ಮುಗಳು ಕೊನೆಗೆ ಯೋಚಿಸಬೇಕಾದವು. ಮೊದಲು ನೋಡಬೇಕಾದ್ದು ನೀರಿಗೆ ಏನು ಸೇರುತ್ತಿದೆ ಎನ್ನುವುದು. ಎರಡನೆಯದು, ನಿಮ್ಮ ಮಣ್ಣು ಎಷ್ಟು ನೀರು ಕುಡಿಯುತ್ತದೆ ಎನ್ನುವುದು. ಪಾತಿ ತೋಡಿದ ಮೇಲೆ ಪೈಪಿನ ಸರದಿ. ಈ ಮಾರ್ಗದರ್ಶಿ ಅದೇ ಅನುಕ್ರಮದಲ್ಲಿದೆ. ಇದರಲ್ಲಿ ಡ್ರಮ್ ಇಲ್ಲ, ಜಾಲರಿ ಇಲ್ಲ, ಬೇರೆ ಪಂಪೂ ಇಲ್ಲ. ಮೆಷಿನ್ನಿನ ಒಳಗಿರುವ ಪಂಪೇ ನೀರನ್ನು ನೇರವಾಗಿ ಮರದ ಬುಡದ ಪಾತಿಗೆ ತಳ್ಳುತ್ತದೆ. ಬಚ್ಚಲ ನೀರಿಗೆ ದಾರಿ ಸ್ವಲ್ಪ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

## ಶುರುಮಾಡುವ ಮುನ್ನ: ಯಾವ ನೀರು ಬೇಡ

ಸ್ನಾನ, ಕೈತೊಳೆಯುವ ಬೇಸಿನ್, ವಾಷಿಂಗ್ ಮೆಷಿನ್ ಈ ಮೂರರ ನೀರು ಮಾತ್ರ ಇಲ್ಲಿಯ ವಿಷಯ. ಶೌಚಾಲಯದ ನೀರು ಯಾವ ಕಾರಣಕ್ಕೂ ಸೇರಬಾರದು. ಅಡುಗೆಮನೆಯ ಸಿಂಕಿನ ನೀರನ್ನೂ ಬಿಟ್ಟುಬಿಡಿ. ಅದರಲ್ಲಿರುವ ಜಿಡ್ಡು ಮತ್ತು ಅನ್ನದ ಅಗುಳಿನಂಥವು ಪೈಪನ್ನೂ ಮಣ್ಣಿನ ಸಂದುಗಳನ್ನೂ ಮುಚ್ಚುತ್ತವೆ, ಇಲಿ ಹೆಗ್ಗಣಗಳನ್ನು ಕರೆಯುತ್ತವೆ.

ಮಗುವಿನ ಮಲ ಅಂಟಿದ ಬಟ್ಟೆ ಒಗೆದ ನೀರು, ಮನೆಯಲ್ಲಿ ವಾಂತಿಭೇದಿಯಾದವರ ಬಟ್ಟೆ ಮತ್ತು ಸ್ನಾನದ ನೀರು, ಬ್ಲೀಚ್ ಹಾಕಿದ ಒಗೆತ, ಕೂದಲಿನ ಬಣ್ಣ ತೊಳೆದ ನೀರು, ಬಚ್ಚಲು ಉಜ್ಜುವ ಆ್ಯಸಿಡ್, ಕಟ್ಟಿದ ಪೈಪು ಬಿಡಿಸುವ ಕಾಸ್ಟಿಕ್ ಪುಡಿ ಇವೆಲ್ಲ ಎಂದಿನಂತೆ ಚರಂಡಿಗೇ ಹೋಗಬೇಕು. ಆದ್ದರಿಂದ ನೀರನ್ನು ತೋಟಕ್ಕೋ ಚರಂಡಿಗೋ ತಿರುಗಿಸುವ ವಾಲ್ವ್ ಇಲ್ಲದ ಏರ್ಪಾಡನ್ನು ನಾನು ಯಾರಿಗೂ ಹೇಳುವುದಿಲ್ಲ.

ಮೈತೊಳೆದ ನೀರು, ಬಟ್ಟೆಯ ನೀರು ಕಣ್ಣಿಗೆ ಚೊಕ್ಕಟವಾಗಿ ಕಂಡರೂ ಅದರಲ್ಲಿ ಮಲಮೂಲದ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಒಳಉಡುಪಿನಿಂದ, ಮೈಯಿಂದ ಬಂದವು ಅವು. ಹಾಗಾಗಿ ಮುಂದಿನ ಎಲ್ಲ ಹಂತಗಳ ಹಿಂದೆ ಒಂದೇ ನಿಯಮವಿದೆ: ಈ ನೀರು ಮನುಷ್ಯರ ಕೈಗೆ, ಬಾಯಿಗೆ, ಕಾಲಿಗೆ ಸಿಗದಂತೆ ಅದೇ ದಿನ ಮಣ್ಣಿನೊಳಗೆ ಇಳಿಯಬೇಕು. ಇಪ್ಪತ್ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಶೇಖರಿಸಿದರೆ ನೀರಿನಲ್ಲಿದ್ದ ಆಮ್ಲಜನಕವನ್ನು ಜೀವಾಣುಗಳು ಮುಗಿಸಿಬಿಡುತ್ತವೆ. ಆಮೇಲೆ ಬರುವುದೇ ಆ ಮೊಟ್ಟೆಯ ನಾತ. ಶೇಖರಿಸಿಟ್ಟ ನೀರಿನಲ್ಲಿ ಸೊಳ್ಳೆ ಮರಿ ಮಾಡುವುದಕ್ಕೂ ಒಂದು ವಾರ, ಹತ್ತು ದಿನ ಸಾಕು.

## ಹಂತ 1: ಸೋಪಿನ ಪ್ಯಾಕೆಟ್ ತಿರುಗಿಸಿ ಓದಿ

ಇಡೀ ಕೆಲಸದಲ್ಲಿ ಹೆಚ್ಚು ಜನ ಹಾರಿಸಿಬಿಡುವ ಹಂತ ಇದು, ಹೆಚ್ಚು ತೋಟ ಕೆಡುವುದೂ ಇಲ್ಲೇ.

ಬಟ್ಟೆ ಸೋಪಿನ ಪುಡಿಯಲ್ಲಿ ಕೊಳೆ ತೆಗೆಯುವ ಅಂಶ ಸ್ವಲ್ಪ, ಮಿಕ್ಕಿದ್ದರಲ್ಲಿ ಬಹುಪಾಲು ಸೋಡಿಯಂ ಲವಣಗಳು. ಒಂದು ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ. ಇನ್ನೊಂದು ಸೋಡಿಯಂ ಸಲ್ಫೇಟ್, ಪುಡಿಯ ಗಾತ್ರ ತುಂಬಲು ಹಾಕುವುದು. ಜೇಡಿ ಅಂಶವಿರುವ ಮಣ್ಣಿನ ಕಣಗಳನ್ನು ಕ್ಯಾಲ್ಸಿಯಂ ಹಿಡಿದು ಹರಳುಹರಳಾಗಿ ಇಟ್ಟಿರುತ್ತದೆ. ಸೋಡಿಯಂ ಹೆಚ್ಚಾದಾಗ ಅದು ಕ್ಯಾಲ್ಸಿಯಮ್ಮಿನ ಜಾಗ ಕಸಿದುಕೊಳ್ಳುತ್ತದೆ. ಆಗ ಕಣಗಳು ಬಿಡಿಬಿಡಿಯಾಗಿ ಕರಗಿ ಮಣ್ಣಿನ ಸಂದುಗಳನ್ನೆಲ್ಲ ತುಂಬುತ್ತವೆ. ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ಮಣ್ಣು ಚೌಳಾಗುವುದು ಎನ್ನುವುದು ಇದನ್ನೇ. ವಾಷಿಂಗ್ ಸೋಡಾ ಇದರ ಜೊತೆಗೆ ಮಣ್ಣಿನ ಕ್ಷಾರವನ್ನೂ ಏರಿಸುತ್ತದೆ, ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ.

ಆದ್ದರಿಂದ ಪುಡಿಯ ಬದಲು ದ್ರವರೂಪದ ಸೋಪಿಗೆ ಬದಲಾಗಿ. ದ್ರವ ಸೋಪಿನಲ್ಲಿ ಈ ತುಂಬು ಲವಣಗಳು ಸಾಮಾನ್ಯವಾಗಿ ಬಹಳ ಕಡಿಮೆ. ಪೊಟ್ಯಾಸಿಯಂ ಆಧಾರಿತ ಸೋಪು ಸಿಕ್ಕರೆ ಇನ್ನೂ ಒಳ್ಳೆಯದು, ಪೊಟ್ಯಾಸಿಯಂ ಗಿಡಕ್ಕೆ ಬೇಕಾದ ಪೋಷಕವೇ.

ಪಟ್ಟಿಯಲ್ಲಿ ಬೋರಾಕ್ಸ್, ಬೋರೇಟ್, ಪರ್‌ಬೋರೇಟ್ ಎಂದಿದ್ದರೆ ಆ ಸೋಪು ಬೇಡವೇ ಬೇಡ. ಬೋರಾನ್ ಗಿಡಕ್ಕೆ ಚಿಟಿಕೆಯಷ್ಟು ಬೇಕು, ಅದಕ್ಕಿಂತ ಸ್ವಲ್ಪ ಮೀರಿದರೂ ವಿಷ, ಮಣ್ಣಿನಿಂದ ತೊಳೆದು ಹೋಗುವುದೂ ನಿಧಾನ. ಹೈಪೋಕ್ಲೋರೈಟ್ ಅಂದರೆ ಕ್ಲೋರಿನ್ ಬ್ಲೀಚ್, ಅದೂ ಬೇಡ. ಪರ್‌ಕಾರ್ಬೊನೇಟ್ ಇರುವ ‘ಆಮ್ಲಜನಕದ ಬ್ಲೀಚ್’ ನಿರಪಾಯ ಎಂದು ಹಲವರು ನಂಬಿದ್ದಾರೆ. ನೀರಿನಲ್ಲಿ ಅದು ಒಡೆದಾಗ ಹೊರಬರುವುದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅದೇ ವಾಷಿಂಗ್ ಸೋಡಾ.

ಪ್ಯಾಕೆಟ್ ಮೇಲೆ ‘ಜೈವಿಕವಾಗಿ ಕೊಳೆಯುವಂಥದ್ದು’ ಎಂದು ಬರೆದಿದ್ದರೆ ಅಷ್ಟಕ್ಕೇ ನೆಮ್ಮದಿಯಾಗಬೇಡಿ. ಕೊಳೆಯುವುದು ನೊರೆ ಬರಿಸುವ ಅಂಶ. ಉಪ್ಪು ಕೊಳೆಯುವ ವಸ್ತುವಲ್ಲ, ಅದು ಮಣ್ಣಿನಲ್ಲೇ ಉಳಿಯುತ್ತದೆ.

ಹಾಕುವ ಪ್ರಮಾಣವನ್ನೂ ತಗ್ಗಿಸಿ. ಹೇಳಿದ್ದರ ಅರ್ಧ ಹಾಕಿ ಎರಡು ವಾರ ನೋಡಿ. ಮಾಮೂಲಿ ಕೊಳೆಯ ಬಟ್ಟೆಗೆ, ಅದರಲ್ಲೂ ಮೆದು ನೀರಿರುವ ಮನೆಯಲ್ಲಿ, ಸಾಮಾನ್ಯವಾಗಿ ಅಷ್ಟು ಸಾಕಾಗುತ್ತದೆ. ಇನ್ನೊಂದು ಮಾತು: ಉಪ್ಪು ಹಾಕಿ ನಡೆಸುವ ವಾಟರ್ ಸಾಫ್ಟ್‌ನರ್ ನಿಮ್ಮ ಮನೆಯಲ್ಲಿದ್ದರೆ, ಅದು ಗಡಸು ನೀರಿನ ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ. ಆ ನೀರನ್ನು ಗಿಡಕ್ಕೆ ಬಿಡಲೇಬೇಡಿ, ಸೋಪು ಎಷ್ಟೇ ಒಳ್ಳೆಯದಿರಲಿ.

## ಹಂತ 2: ಮಣ್ಣಿಗೆ ಎರಡು ಪರೀಕ್ಷೆ

ಇಂಗುವ ಪರೀಕ್ಷೆ. ಪಾತಿ ಮಾಡಬೇಕೆಂದಿರುವ ಕಡೆ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಮೊದಲ ಸಲ ಒಣ ಮಣ್ಣು ಬೇಗ ಕುಡಿಯುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಎರಡು ಸಲ ಇಂಗಲು ಬಿಟ್ಟು ಮೂರನೆಯ ಸಲ ತುಂಬಿ, ಒಂದು ಕಡ್ಡಿಗೆ ಗುರುತು ಹಾಕಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ನೋಡಿ. ಗಂಟೆಗೆ 2 ಸೆಂಟಿಮೀಟರಿಗಿಂತ ಹೆಚ್ಚು ಇಳಿದರೆ ಮುಂದುವರಿಯಬಹುದು. 1 ಸೆಂಟಿಮೀಟರೂ ಇಳಿಯದಿದ್ದರೆ ಪಾತಿಗಳನ್ನು ದುಪ್ಪಟ್ಟು ಮಾಡಬೇಕು, ಅಥವಾ ಆ ಜಾಗ ಬಿಡಬೇಕು. ಗುಂಡಿಯ ನೀರು ನೋಡನೋಡುತ್ತಲೇ ಮಾಯವಾಗುವ ಮರಳು ಮಣ್ಣಿಗೆ ಬೇರೆ ಎಚ್ಚರ ಬೇಕು. ಅಲ್ಲಿ ನೀರು ಶುದ್ಧವಾಗುವ ಮೊದಲೇ ಕೆಳಗಿಳಿಯುತ್ತದೆ, ಆದ್ದರಿಂದ ಪಾತಿ ಆಳವಾಗಿರಬಾರದು.

ಹೆಂಟೆಯ ಪರೀಕ್ಷೆ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಡಿಸ್ಟಿಲ್ಡ್ ವಾಟರ್ ತೆಗೆದುಕೊಳ್ಳಿ. ಬಟಾಣಿ ಗಾತ್ರದ, ಚೆನ್ನಾಗಿ ಒಣಗಿದ ಹೆಂಟೆಯೊಂದನ್ನು ಮೆಲ್ಲಗೆ ಅದರೊಳಗೆ ಬಿಡಿ. ಕಲಕಬೇಡಿ, ಅಲುಗಿಸಬೇಡಿ. ಎರಡು ಗಂಟೆಯ ಮೇಲೊಮ್ಮೆ, ಮರುದಿನ ಮತ್ತೊಮ್ಮೆ ನೋಡಿ. ಹೆಂಟೆ ಕುಸಿದು ಗುಪ್ಪೆಯಾಗಿದ್ದು ಸುತ್ತಲಿನ ನೀರು ತಿಳಿಯಾಗಿದ್ದರೆ ಮಣ್ಣು ಆರೋಗ್ಯವಾಗಿದೆ. ಹೆಂಟೆಯ ಸುತ್ತ ಹಾಲು ಹರಡಿದಂತೆ ಮೋಡ ಎದ್ದಿದ್ದರೆ ಮಣ್ಣಿನಲ್ಲಿ ಈಗಾಗಲೇ ಸೋಡಿಯಂ ಹೆಚ್ಚಿದೆ. ಅಂಥ ಜಾಗಕ್ಕೆ ಸೋಪಿನ ನೀರು ಬಿಡುವ ಮೊದಲು ಚದರ ಮೀಟರಿಗೆ ಅರ್ಧ ಕಿಲೋದಷ್ಟು ಜಿಪ್ಸಮ್ ಹರಡಿ, ಮೇಲ್ಮಣ್ಣಿಗೆ ಬೆರೆಸಿ, ಒಳ್ಳೆಯ ನೀರನ್ನು ಧಾರಾಳವಾಗಿ ಹಾಯಿಸಬೇಕು.

ಈ ಎರಡನೆಯ ಪರೀಕ್ಷೆಯ ಫಲಿತಾಂಶ ಬರೆದಿಟ್ಟುಕೊಳ್ಳಿ, ಫೋಟೊ ಇದ್ದರೆ ಇನ್ನೂ ಉತ್ತಮ. ಆರು ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡಿ ಹೋಲಿಸಬೇಕಿದೆ. ಎಲೆ ಸುಡುವುದಕ್ಕೆ ಎಷ್ಟೋ ಮೊದಲೇ ಈ ಲೋಟ ಎಚ್ಚರಿಸುತ್ತದೆ.

ಬಾವಿಯಿಂದ 30 ಮೀಟರ್ ದೂರ, ಮನೆಯ ಪಾಯದಿಂದ ಕಡೇಪಕ್ಷ ಒಂದೂವರೆ ಮೀಟರ್ ದೂರ ಇರಲಿ. ಅಂತರ್ಜಲ ಮೇಲೆಯೇ ಸಿಗುವ ಜೌಗು ನೆಲದಲ್ಲಿ ಈ ಕೆಲಸ ಬೇಡ. ನಿಮ್ಮ ಊರಿನಲ್ಲಿ ಇದಕ್ಕೆ ಬೇರೆ ನಿಯಮವಿದ್ದರೆ ಅದೇ ಅಂತಿಮ.

## ಹಂತ 3: ಗಿಡ ಆರಿಸಿ

ಬಾಳೆ, ಸೀಬೆ, ನಿಂಬೆಯಂಥ ಹಣ್ಣಿನ ಗಿಡಗಳು, ನೆರಳಿನ ಮರಗಳು, ಗಟ್ಟಿ ಹೂಪೊದೆಗಳು ಸೂಕ್ತ. ಬೇರೂರಿ ಒಂದು ವರ್ಷವಾದರೂ ಆಗಿರಬೇಕು. ನಿಂಬೆ ಜಾತಿ ಉಪ್ಪಿಗೆ ಉಳಿದವಕ್ಕಿಂತ ಬೇಗ ನೊಂದುಕೊಳ್ಳುತ್ತದೆ, ಅದರ ಮೇಲೆ ಒಂದು ಕಣ್ಣಿರಲಿ.

ಸೊಪ್ಪು, ಮೂಲಂಗಿ, ಗಡ್ಡೆ ಗೆಣಸು, ನೆಲಕ್ಕೆ ತಾಗುವ ಯಾವ ತರಕಾರಿಗೂ ಈ ನೀರು ಬೇಡ. ಬೀಜದ ಮಡಿಗೂ ಬೇಡ. ಕುಂಡಗಳಿಗಂತೂ ಬೇಡವೇ ಬೇಡ. ಕುಂಡದ ಮಣ್ಣು ಕಡಿಮೆ, ಉಪ್ಪು ಹೋಗಲು ದಾರಿಯಿಲ್ಲ, ಕೆಲವೇ ವಾರಗಳಲ್ಲಿ ಸೇರಿಕೊಂಡುಬಿಡುತ್ತದೆ. ಹುಳಿ ಮಣ್ಣು ಬಯಸುವ ಅಜೇಲಿಯ, ಗಾರ್ಡೇನಿಯ, ಜರೀಗಿಡಗಳೂ ಕ್ಷಾರದ ನೀರಿನಲ್ಲಿ ಸೊರಗುತ್ತವೆ.

## ಹಂತ 4: ಲೆಕ್ಕ ಹಾಕಿ ಪಾತಿ ತೋಡಿ

ಒಂದು ಮನೆಯ ಲೆಕ್ಕವನ್ನೇ ಪೂರ್ತಿ ಮಾಡೋಣ. ಮೇಲಿನಿಂದ ಬಟ್ಟೆ ಹಾಕುವ ಮೆಷಿನ್, ಒಂದು ಒಗೆತಕ್ಕೆ ಸುಮಾರು 110 ಲೀಟರ್ ಹೊರಹಾಕುತ್ತದೆ. ವಾರಕ್ಕೆ ನಾಲ್ಕು ಒಗೆತ. ನಿಮ್ಮ ಮೆಷಿನ್ ಎಷ್ಟು ಬಿಡುತ್ತದೆ ಎಂದು ಊಹಿಸಬೇಡಿ. ಹೊರಕೊಳವೆಯನ್ನು ಬಕೆಟ್ಟುಗಳಿಗೆ ಬಿಟ್ಟು ಒಂದು ಸಲ ಅಳೆಯಿರಿ. ಮುಂಬಾಗಿಲಿನ ಮೆಷಿನ್ನುಗಳು ಇದರ ಅರ್ಧದಷ್ಟನ್ನೇ ಬಿಡಬಹುದು, ಆದರೆ ಅದೇ ಸೋಪು ಕಡಿಮೆ ನೀರಿನಲ್ಲಿರುತ್ತದೆ.

ತೋಟದಲ್ಲಿ ನಾಲ್ಕು ಹಣ್ಣಿನ ಗಿಡ. ಒಂದೊಂದಕ್ಕೂ ಒಗೆತಕ್ಕೆ 28 ಲೀಟರಿನಂತೆ ವಾರಕ್ಕೆ 110 ಲೀಟರ್ ಸಿಗುತ್ತದೆ. ಇದು ಹೆಚ್ಚೋ ಕಡಿಮೆಯೋ? ಬಿಸಿಲ ದಿನಗಳಲ್ಲಿ ಮರ ತನ್ನ ನೆರಳಿನಷ್ಟು ಜಾಗದಲ್ಲಿ ದಿನಕ್ಕೆ ಹೆಚ್ಚೆಂದರೆ 5 ಮಿಲಿಮೀಟರಿನಷ್ಟು ನೀರು ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಎರಡು ಮೀಟರ್ ಅಗಲದ ಕೊಂಬೆಹರವಿರುವ ಗಿಡದ ನೆರಳು ಸುಮಾರು 3 ಚದರ ಮೀಟರ್. ದಿನಕ್ಕೆ 15 ಲೀಟರ್ ಚಿಲ್ಲರೆ, ವಾರಕ್ಕೆ 110. ಲೆಕ್ಕ ಸರಿಹೊಂದಿತು, ಆದರೆ ಬಿಸಿಲಿಗೆ ಮಾತ್ರ. ತಂಪು ತಿಂಗಳುಗಳಲ್ಲಿ ಇದರ ಅರ್ಧವೂ ಬೇಡ, ಆಗ ವಾರಕ್ಕೆರಡು ಒಗೆತ ಚರಂಡಿಗೆ ಹೋಗಲಿ.

ಈಗ ಪಾತಿ. ಕೊಂಬೆಗಳ ತುದಿಯಿಂದ ಮಳೆಹನಿ ಬೀಳುವ ಗೆರೆ ಇದೆಯಲ್ಲ, ಅಲ್ಲಿ ಒಂದು ಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಕಾಲುವೆ ತೋಡಿ. ನೀರು ಹೀರುವ ಬೇರುಗಳು ಹೆಚ್ಚಿರುವುದು ಆ ಸುತ್ತಿನಲ್ಲಿ. ಕಾಂಡಕ್ಕೆ ಒತ್ತಿ ತೋಡುವುದು ದೊಡ್ಡ ತಪ್ಪು, ಬುಡ ಸದಾ ಒದ್ದೆಯಿದ್ದರೆ ತೊಗಟೆ ಕೊಳೆಯುತ್ತದೆ. ತೋಡುವಾಗ ದಪ್ಪ ಬೇರು ಸಿಕ್ಕರೆ ಕಡಿಯದೆ ಪಕ್ಕಕ್ಕೆ ಸರಿಯಿರಿ. ತಳ ಮಟ್ಟವಾಗಿರಲಿ, ಇಲ್ಲವಾದರೆ ನೀರೆಲ್ಲ ಒಂದೇ ಮೂಲೆಗೆ ಸೇರುತ್ತದೆ.

ಕಾಲುವೆಯ ಗಾತ್ರ 120 ಲೀಟರ್. ಅದನ್ನು ದಪ್ಪ ಮರದ ಚಕ್ಕೆ, ಕಡ್ಡಿ ಚೂರು, ಒರಟು ತರಗಿನಿಂದ ತುಂಬಿ. ಸಂದುಗಳಲ್ಲಿ ಮೂರನೆಯ ಒಂದು ಭಾಗ, ಅಂದರೆ 40 ಲೀಟರ್ ನೀರು ಹಿಡಿಯುತ್ತದೆ ಎಂದುಕೊಂಡರೆ 28 ಲೀಟರ್ ಒಮ್ಮೆಲೇ ಬಂದರೂ ಉಕ್ಕುವುದಿಲ್ಲ. ತಳದ ಮೇಲೆ ಹರಡಿದರೆ ಅದು 7 ಸೆಂಟಿಮೀಟರ್ ನೀರಿಗೆ ಸಮ. ಗಂಟೆಗೆ ಎರಡೂವರೆ ಸೆಂಟಿಮೀಟರ್ ಇಂಗುವ ಮಣ್ಣಿನಲ್ಲಿ ಮೂರು ಗಂಟೆಯೊಳಗೆ ಖಾಲಿ. ನಿಮ್ಮ ಅಂಕಿಗಳನ್ನು ಹಾಕಿದಾಗ ಈ ಹೊತ್ತು ಹನ್ನೆರಡು ಗಂಟೆ ದಾಟಿದರೆ ಪಾತಿ ದೊಡ್ಡದು ಮಾಡಿ.

ಚಕ್ಕೆಯ ಬದಲು ಗರಗಸದ ಹೊಟ್ಟು ತುಂಬಬೇಡಿ, ಅದು ಒದ್ದೆಯಾಗಿ ಮುದ್ದೆಗಟ್ಟುತ್ತದೆ. ಜಲ್ಲಿಯೂ ಬೇಡ. ಬಟ್ಟೆಯ ನಾರು, ಕೂದಲು, ಸೋಪಿನ ಜಿಡ್ಡನ್ನು ಚಕ್ಕೆಯಲ್ಲಿ ಬೆಳೆಯುವ ಶಿಲೀಂಧ್ರ, ಎರೆಹುಳು, ಜೀವಾಣುಗಳು ತಿಂದು ಮುಗಿಸುತ್ತವೆ. ಜಲ್ಲಿಯಲ್ಲಿ ಅದೆಲ್ಲ ಸುಮ್ಮನೆ ಸೇರಿಕೊಂಡು ಲೋಳೆಯಾಗುತ್ತದೆ, ತೆಗೆದು ತೊಳೆಯುವುದೊಂದೇ ದಾರಿ. ಜಾಲರಿ ಬೇಡವೆಂದು ಹೇಳಿದ್ದು ಇದಕ್ಕೇ: ಪಾತಿಯೇ ಜಾಲರಿ.

## ಹಂತ 5: ಸಾಮಾನು

ಈಗ ತರಬಹುದು. ಒಂದಿಂಚಿನ ಪೈಪು, ಅದಕ್ಕೆ ತಕ್ಕ ಎಲ್ಬೋ ಮತ್ತು ಟೀಗಳು, ಟೀಯಿಂದ ಅರ್ಧ ಇಂಚಿಗೆ ಇಳಿಸುವ ಎಂಟು ಜೋಡಣೆಗಳು, ಅವುಗಳಲ್ಲಿ ಏಳಕ್ಕೆ ಪುಟ್ಟ ಬಾಲ್ ವಾಲ್ವ್, ಮೂರು ಬಾಯಿಯ ತಿರುಗು ವಾಲ್ವ್ ಒಂದು, ಗಾಳಿ ಒಳಕ್ಕೆ ಬಿಡುವ ವಾಲ್ವ್ ಒಂದು, ಗೋಡೆಗೆ ಕ್ಲಾಂಪುಗಳು. ಹೊರಬಾಯಿಗಳನ್ನು ಮುಚ್ಚಲು ತಳ ಕತ್ತರಿಸಿದ ಪ್ಲಾಸ್ಟಿಕ್ ಕುಂಡಗಳು ಎಂಟು. ಗುದ್ದಲಿ, ಹಾರೆ, ಪೈಪು ಕತ್ತರಿಸುವ ಗರಗಸ, ಅಂಟು, ಕೈಗವಸು. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆ ಸಾಕು.

ಪೈಪು ಒಂದಿಂಚಿಗಿಂತ ಸಣ್ಣದಾಗಬಾರದು. ಮೆಷಿನ್ನಿನ ಪಂಪು ನೀರನ್ನು ಕೆಲವೇ ನಿಮಿಷದಲ್ಲಿ ಹೊರದೂಡುತ್ತದೆ, ಸಣ್ಣ ಪೈಪಿನಲ್ಲಿ ಅದಕ್ಕೆ ಉಸಿರು ಕಟ್ಟಿದಂತಾಗಿ ಕೆಡುತ್ತದೆ.

## ಹಂತ 6: ಪೈಪು ಹಾಕುವುದು

1. ಮೆಷಿನ್ನಿನ ಹಿಂದಿನ ಗೋಡೆಯ ಮೇಲೆ, ಕೈಗೆ ಸುಲಭವಾಗಿ ಸಿಗುವ ಎತ್ತರದಲ್ಲಿ, ಮೂರು ಬಾಯಿಯ ವಾಲ್ವ್ ಕೂರಿಸಿ. ಅದು ಮೆಷಿನ್ನಿನ ಮೇಲ್ಭಾಗಕ್ಕಿಂತ ಮೇಲಿರಲಿ. ಒಂದು ಬಾಯಿಗೆ ಮೆಷಿನ್ನಿನ ಹೊರಕೊಳವೆ, ಒಂದು ಹಳೆಯ ಚರಂಡಿ ಪೈಪಿಗೆ, ಇನ್ನೊಂದು ತೋಟಕ್ಕೆ. ‘ತೋಟ’, ‘ಚರಂಡಿ’ ಎಂದು ದೊಡ್ಡದಾಗಿ ಬರೆದು ಅಂಟಿಸಿ. ಬ್ಲೀಚ್ ಹಾಕುವವರು ನೀವೇ ಆಗಿರಬೇಕೆಂದಿಲ್ಲ, ಮನೆಗೆ ಬಂದ ನೆಂಟರೂ ಆಗಿರಬಹುದು.

2. ತೋಟದ ಪೈಪು ಅತಿ ಎತ್ತರಕ್ಕೆ ಏರುವ ಜಾಗದಲ್ಲಿ ಗಾಳಿ ವಾಲ್ವ್ ಹಾಕಿ. ಮೆಷಿನ್ನಿಗಿಂತ ಒಂದು ಗೇಣಾದರೂ ಮೇಲಿರಲಿ. ಇದನ್ನು ಬಿಟ್ಟವರಿಗೆ ವಿಚಿತ್ರ ತೊಂದರೆ ಕಾಣಿಸಿಕೊಳ್ಳುತ್ತದೆ: ಮೆಷಿನ್ ನೀರು ತುಂಬಿಕೊಳ್ಳುತ್ತಲೇ ಇರುತ್ತದೆ, ಒಗೆತ ಶುರುವಾಗುವುದೇ ಇಲ್ಲ. ತೋಟ ತಗ್ಗಿನಲ್ಲಿದ್ದಾಗ ತುಂಬಿದ ಪೈಪು ಸೈಫನ್ ಆಗಿ ಮೆಷಿನ್ನಿನೊಳಗಿನ ನೀರನ್ನು ಎಳೆದುಕೊಂಡು ಹೋಗುತ್ತಿರುತ್ತದೆ. ಗಾಳಿ ಒಳಹೊಕ್ಕರೆ ಆ ಎಳೆತ ಕಡಿಯುತ್ತದೆ. ಪಾತಿಯ ಕೊಳೆನೀರು ಹಿಂದಕ್ಕೆ ಮೆಷಿನ್ನಿಗೆ ಬರದಂತೆಯೂ ಇದು ಕಾಯುತ್ತದೆ.

3. ಗೋಡೆಯಿಂದ ಹೊರಬಂದ ಮೇಲೆ ಪೈಪು ಎಲ್ಲೂ ಮೇಲೇರಬಾರದು. ಸಮತಟ್ಟಾದ ನೆಲದಲ್ಲಿ ಒಟ್ಟು 15 ಮೀಟರ್ ದಾಟಿಸಬೇಡಿ. ಇಳಿಜಾರಿದ್ದರೆ ಇನ್ನಷ್ಟು ದೂರ ಹೋಗಬಹುದು. ಏರಿನ ಮೇಲಿರುವ ತೋಟಕ್ಕೆ ಈ ವಿಧಾನ ಒಗ್ಗುವುದಿಲ್ಲ.

4. ಪ್ರತಿ ಪಾತಿಗೆ ಎರಡು ಅರ್ಧ ಇಂಚಿನ ಬಾಯಿ ಕೊಡಿ. ನಾಲ್ಕು ಗಿಡಕ್ಕೆ ಎಂಟು. ನಾಲ್ಕು ಅರ್ಧ ಇಂಚಿನ ಬಾಯಿ ಸೇರಿದರೆ ಒಂದಿಂಚಿನ ಒಂದು ಬಾಯಿಗೆ ಸಮ, ಅದಕ್ಕಿಂತ ಕಡಿಮೆ ಎಂದೂ ತೆರೆದಿರಬಾರದು. ಸಾಲಿನ ಕಟ್ಟಕಡೆಯ ಬಾಯಿಗೆ ವಾಲ್ವ್ ಬೇಡವೇ ಬೇಡ. ಉಳಿದದ್ದನ್ನೆಲ್ಲ ಯಾರೋ ಮುಚ್ಚಿದರೂ ಪಂಪಿಗೆ ಅಲ್ಲೊಂದು ದಾರಿ ಇರಬೇಕು.

5. ಬಾಯಿಯನ್ನು ಚಕ್ಕೆಯೊಳಗೆ ಹೂಳಬೇಡಿ. ತಳ ಕತ್ತರಿಸಿದ ಕುಂಡವನ್ನು ಕಾಲುವೆಯಲ್ಲಿ ಬೋರಲಾಗಿ ಇಟ್ಟು, ಅದರೊಳಗೆ ನೀರು ನಾಲ್ಕು ಬೆರಳಷ್ಟು ಎತ್ತರದಿಂದ ಖಾಲಿ ಜಾಗಕ್ಕೆ ಬೀಳುವಂತೆ ಮಾಡಿ. ಬಾಯಿ ಒದ್ದೆ ಚಕ್ಕೆಗೆ ತಾಗಿಕೊಂಡಿದ್ದರೆ ಬೇರು ಅದರೊಳಗೇ ನುಗ್ಗುತ್ತದೆ. ಮೇಲೊಂದು ಕಲ್ಲು ಮುಚ್ಚಿ. ಬೇಕೆಂದಾಗ ಎತ್ತಿ ನೋಡಬಹುದು, ಮಕ್ಕಳಿಗೆ, ನಾಯಿಗೆ ನೀರು ಸಿಗುವುದಿಲ್ಲ.

6. ಕುಡಿಯುವ ನೀರಿನ ಯಾವ ನಲ್ಲಿಯನ್ನೂ ಈ ಪೈಪಿಗೆ ಜೋಡಿಸಬೇಡಿ, ತೊಳೆಯುವುದಕ್ಕೆಂದು ಒಂದೇ ಒಂದು ಸಲವೂ ಬೇಡ. ಒತ್ತಡ ತಪ್ಪಿದ ಗಳಿಗೆಯಲ್ಲಿ ಕೊಳೆನೀರು ಮನೆಯ ಪೈಪಿಗೆ ಹಿಮ್ಮೆಟ್ಟಬಹುದು.

## ಹಂತ 7: ಮೊದಲ ಒಗೆತ, ಬಟ್ಟೆ ಸೋಪು ಎರಡೂ ಇಲ್ಲದೆ

ಮಣ್ಣು ಮುಚ್ಚುವ ಮೊದಲು ಖಾಲಿ ಮೆಷಿನ್ ಓಡಿಸಿ. ಒಬ್ಬರು ಮೆಷಿನ್ ಬಳಿ, ಒಬ್ಬರು ತೋಟದಲ್ಲಿ ನಿಲ್ಲಿ. ಮೊದಲ ಪಾತಿಗೆ ಧಾರೆ ಜೋರಾಗಿ, ಕೊನೆಯದಕ್ಕೆ ಎಳೆಯಂತೆ ಬರುವುದು ಸಹಜ. ಮುಂದಿನ ಬಾಲ್ ವಾಲ್ವುಗಳನ್ನು ಒಂದಿಷ್ಟೇ ಒತ್ತರಿಸುತ್ತ ಎಂಟೂ ಹೆಚ್ಚುಕಡಿಮೆ ಸಮವಾಗುವಂತೆ ಮಾಡಿ. ಒಂದೊಂದರ ಕೆಳಗೂ ಮಗ್ ಹಿಡಿದು ತುಂಬುವ ಹೊತ್ತು ಎಣಿಸಿದರೆ ಗೊತ್ತಾಗುತ್ತದೆ. ಯಾವುದನ್ನೂ ಅರ್ಧಕ್ಕಿಂತ ಹೆಚ್ಚು ಮುಚ್ಚಬೇಡಿ, ಅಲ್ಲಿ ನಾರು ಸಿಕ್ಕಿಕೊಳ್ಳುತ್ತದೆ.

ಚರಂಡಿಗೆ ಬಿಟ್ಟಾಗ ಮೆಷಿನ್ ಖಾಲಿಯಾಗಲು ಎಷ್ಟು ಹೊತ್ತು, ತೋಟಕ್ಕೆ ಬಿಟ್ಟಾಗ ಎಷ್ಟು ಹೊತ್ತು ಎಂದು ಗಡಿಯಾರ ನೋಡಿ ಬರೆದಿಡಿ. ವ್ಯತ್ಯಾಸ ಬಹಳವಿದ್ದರೆ ಪೈಪು ಉದ್ದವಾಗಿದೆ ಅಥವಾ ತಿರುವುಗಳು ಹೆಚ್ಚಿವೆ. ಮುಂದೆಂದಾದರೂ ಈ ಹೊತ್ತು ಹೆಚ್ಚುತ್ತ ಹೋದರೆ ಎಲ್ಲೋ ಕಟ್ಟಿಕೊಳ್ಳುತ್ತಿದೆ ಎಂದರ್ಥ.

## ಹಂತ 8: ಬಚ್ಚಲ ನೀರು

ಇಲ್ಲಿ ತಳ್ಳುವ ಪಂಪಿಲ್ಲ. ನೀರು ತನ್ನ ಭಾರದಿಂದಲೇ ಹರಿಯಬೇಕು, ಆದ್ದರಿಂದ ಬಚ್ಚಲಿನ ನೆಲ ತೋಟಕ್ಕಿಂತ ಎತ್ತರದಲ್ಲಿದ್ದರೆ ಮಾತ್ರ ಕೈಹಾಕಿ. ಪೈಪು ಒಂದೂವರೆ ಅಥವಾ ಎರಡಿಂಚು, ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು, ಎಲ್ಲೂ ಹೊಟ್ಟೆ ಇಳಿಬಿಟ್ಟಿರಬಾರದು. ನೀರು ನಿಂತ ಕಡೆ ಕೂದಲು, ಜಿಡ್ಡು ಸೇರಿ ಕಟ್ಟುವುದು ಖಂಡಿತ.

ತಿರುಗು ವಾಲ್ವನ್ನು, ಸದಾ ನೀರು ನಿಂತು ಚರಂಡಿಯ ಗಾಳಿ ತಡೆಯುವ ಟ್ರ್ಯಾಪ್ ದಾಟಿದ ಮೇಲೆ, ಶೌಚಾಲಯದ ಪೈಪು ಸೇರುವುದಕ್ಕೆ ಮುಂಚೆ ಹಾಕಬೇಕು. ಟ್ರ್ಯಾಪನ್ನಾಗಲಿ ಗಾಳಿ ಕೊಳವೆಯನ್ನಾಗಲಿ ತೆಗೆದರೆ ಚರಂಡಿಯ ಗಾಳಿ ಬಚ್ಚಲಿಗೆ ನುಗ್ಗುತ್ತದೆ. ಎಷ್ಟೋ ಮನೆಗಳಲ್ಲಿ ಎರಡೂ ಪೈಪುಗಳು ನೆಲದೊಳಗೇ ಕೂಡಿಬಿಟ್ಟಿರುತ್ತವೆ. ಅಂಥಲ್ಲಿ ನೆಲ ಒಡೆಯುವ ಸಾಹಸ ಬೇಡ. ಈ ಭಾಗವನ್ನು ಪ್ಲಂಬಿಂಗ್ ಬಲ್ಲವರಿಂದಲೇ ಮಾಡಿಸಿ.

ತೋಟದಲ್ಲಿ ನೀರು ಹಂಚಲು ತೂತು ಕೊರೆದ ಉದ್ದ ಪೈಪು ಬೇಡ. ಮೊದಲೆರಡು ತೂತುಗಳೇ ಎಲ್ಲ ನೀರು ಕುಡಿಯುತ್ತವೆ, ಮಿಕ್ಕವು ಕೂದಲಿನಿಂದ ಮುಚ್ಚುತ್ತವೆ. ಬದಲಿಗೆ ಒಂದನ್ನು ಎರಡಾಗಿ ಒಡೆಯುವ ಜೋಡಣೆ ಹಾಕಿ, ಬೇಕಾದರೆ ಆ ಎರಡನ್ನು ನಾಲ್ಕಾಗಿ ಒಡೆಯಿರಿ. ಒಡೆಯುವ ಜಾಗ ಕೂದಲೆಳೆಯಷ್ಟೂ ವಾಲದಂತೆ ಮಟ್ಟ ಹಿಡಿಯಬೇಕು, ಸ್ವಲ್ಪ ಓರೆಯಾದರೂ ನೀರು ಒಂದೇ ಕಡೆ ಹೋಗುತ್ತದೆ. ನಿಮಿಷಕ್ಕೆ 8 ಲೀಟರ್ ಬಿಡುವ ಶವರಿನಲ್ಲಿ ಐದು ನಿಮಿಷದ ಸ್ನಾನವೆಂದರೆ 40 ಲೀಟರ್. ಹಂತ 4ರ ಲೆಕ್ಕವನ್ನೇ ಇಲ್ಲೂ ಮಾಡಿ, ಎಷ್ಟು ಪಾತಿ ಬೇಕೆಂದು ತಿಳಿಯುತ್ತದೆ.

ಇದ್ಯಾವುದೂ ಆಗದ ಮನೆಯಲ್ಲಿ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅದೇ ದಿನ ಪಾತಿಗೆ ಸುರಿಯುವುದು ಪೂರ್ತಿ ಸರಿಯಾದ ವಿಧಾನ. ಎಲೆಯ ಮೇಲೆ ಬೀಳದಂತೆ ಬುಡದ ಸುತ್ತಿನ ಚಕ್ಕೆಯ ಮೇಲೆ ಸುರಿಯಿರಿ.

## ಕೆಡುತ್ತಿದೆ ಎಂದು ತಿಳಿಯುವುದು ಹೇಗೆ

ಮರುದಿನವೂ ಪಾತಿಯಲ್ಲಿ ನೀರು ನಿಂತಿದೆ. ಒಂದು ವಾರ ನೀರು ಚರಂಡಿಗೆ ತಿರುಗಿಸಿ, ಚಕ್ಕೆ ಸರಿಸಿ ಅಡಿಯ ಮಣ್ಣನ್ನು ಗೇಣು ಆಳ ಕೆದಕಿ ಮೂಸಿ ನೋಡಿ. ಬೂದು ಕಪ್ಪು ಬಣ್ಣ, ಮೊಟ್ಟೆಯ ನಾತ ಇದ್ದರೆ ಮಣ್ಣಿಗೆ ಗಾಳಿಯಿಲ್ಲ, ನೀರು ಹೆಚ್ಚಾಗಿದೆ. ಪಾತಿ ಹೆಚ್ಚಿಸಬೇಕು ಅಥವಾ ಒಗೆತಗಳ ನಡುವೆ ಒಂದೆರಡು ದಿನ ಬಿಡುವು ಕೊಡಬೇಕು. ನಾತವಿಲ್ಲ, ಮಣ್ಣು ಮಾತ್ರ ಅಂಟಂಟಾಗಿ ಬಿಗಿದುಕೊಂಡಿದೆ ಎಂದರೆ ಹೆಂಟೆಯ ಪರೀಕ್ಷೆ ಮಾಡಿ. ಬಹುತೇಕ ಸೋಡಿಯಮ್ಮೇ ಕಾರಣವಾಗಿರುತ್ತದೆ.

ಹಳೆಯ ಎಲೆಗಳ ತುದಿ, ಅಂಚು ಕಂದಾಗಿ ಸುಡುತ್ತಿದೆ. ಉಪ್ಪು ಅಥವಾ ಬೋರಾನ್. ನೀರು ಕಡಿಮೆಯಾಯಿತೆಂದು ಇದೇ ನೀರನ್ನು ಇನ್ನಷ್ಟು ಬಿಟ್ಟವರನ್ನು ಕಂಡಿದ್ದೇನೆ, ಗಿಡ ಉಳಿಯಲಿಲ್ಲ. ಮೊದಲು ನಿಲ್ಲಿಸಿ. ಸೋಪಿನ ಪ್ಯಾಕೆಟ್ ಮತ್ತೆ ಓದಿ. ಒಳ್ಳೆಯ ನೀರನ್ನು ಬೇರಿನ ಆಳ ದಾಟುವಷ್ಟು, ನಿಧಾನವಾಗಿ, ಎರಡು ಮೂರು ಸಲ ಹಾಯಿಸಿ ಉಪ್ಪನ್ನು ಕೆಳಗೆ ತೊಳೆಯಿರಿ. ಸುಟ್ಟ ಎಲೆ ಹಸಿರಾಗುವುದಿಲ್ಲ, ಹೊಸ ಚಿಗುರು ಹೇಗಿದೆ ಎಂದು ನೋಡಿ ತೀರ್ಮಾನಿಸಿ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಮಣ್ಣು ಕ್ಷಾರವಾಗಿ ಕಬ್ಬಿಣ ದಕ್ಕುತ್ತಿಲ್ಲ. ಪುಡಿ ಸೋಪು ಬಳಸುವ ಮನೆಗಳಲ್ಲಿ ಇದನ್ನೇ ಮೊದಲು ಹುಡುಕಿ.

ಮಣ್ಣಿನ ಮೇಲೆ ಬಿಳಿ ಪೊರೆ. ನೀರು ಮೇಲಿನಿಂದಲೇ ಆರಿಹೋಗಿ ಉಪ್ಪು ಉಳಿದಿದೆ. ಚಕ್ಕೆಯ ಹೊದಿಕೆ ತೆಳುವಾಗಿದೆ.

## ಮುಂದಿನ ನಿಗಾ

ಮಳೆ ಹಿಡಿದು ನೆಲ ನೆನೆದಿರುವಷ್ಟು ದಿನ ವಾಲ್ವ್ ಚರಂಡಿಯ ಕಡೆಗೇ ಇರಲಿ. ನೆನೆದ ಮಣ್ಣು ಈ ನೀರನ್ನು ಕುಡಿಯುವುದಿಲ್ಲ, ಅದು ಮೇಲೆ ಹರಿದು ನೆರೆಯವರ ಅಂಗಳಕ್ಕೋ ರಸ್ತೆಗೋ ಹೋಗುತ್ತದೆ. ಅದೇ ಮಳೆ ನಿಮ್ಮ ಪಾತಿಯ ಉಪ್ಪನ್ನೂ ತೊಳೆಯುತ್ತದೆ. ಉದ್ದನೆಯ ಬೇಸಿಗೆಯಲ್ಲಿ ಆ ಕೆಲಸವನ್ನು ನೀವೇ ಮಾಡಬೇಕು, ತಿಂಗಳಿಗೊಮ್ಮೆ ಒಳ್ಳೆಯ ನೀರು ಆಳವಾಗಿ ಹಾಯಿಸಿ.

ಚಕ್ಕೆ ಕೊಳೆತು ಕುಸಿಯುತ್ತದೆ. ಆರು ತಿಂಗಳಿಂದ ವರ್ಷದೊಳಗೆ ಮೇಲೆ ಹೊಸದು ತುಂಬಬೇಕಾಗುತ್ತದೆ. ತಳದಲ್ಲಿ ಕಪ್ಪು ಗೊಬ್ಬರದ ಮುದ್ದೆ ಕಟ್ಟಿದ್ದರೆ ಕೈಗವಸು ಹಾಕಿಕೊಂಡು ತೆಗೆದು ಅದೇ ಮರದ ಸುತ್ತ ಮಣ್ಣಿನಡಿ ಹೂಳಿ, ತರಕಾರಿ ಮಡಿಗೆ ಒಯ್ಯಬೇಡಿ. ಅದೇ ಹೊತ್ತಿಗೆ ಕಲ್ಲುಗಳನ್ನೆತ್ತಿ ಎಂಟೂ ಬಾಯಿಗಳನ್ನು ನೋಡಿ, ನಾರು ಸುತ್ತಿಕೊಂಡಿದ್ದರೆ ಎಳೆದು ತೆಗೆಯಿರಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಪಾತಿಯ ಮೇಲೆ ಉದುರಿದ ಹಣ್ಣನ್ನು ಹಸಿಯಾಗಿ ತಿನ್ನಬೇಡಿ, ಮರದಲ್ಲಿರುವುದನ್ನು ಕಿತ್ತು ತಿನ್ನಿ.

ಸೋಪು ಬದಲಿಸಿದಾಗಲೆಲ್ಲ ಹಂತ 1ಕ್ಕೆ ಹಿಂತಿರುಗಿ. ಮತ್ತು ಆರು ತಿಂಗಳಿಗೊಮ್ಮೆ ಆ ಲೋಟ, ಆ ಒಣ ಹೆಂಟೆ: ಪಾತಿಯ ಅಂಚಿನಿಂದ ಒಂದು, ನೀರು ತಾಗದ ಕಡೆಯಿಂದ ಒಂದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪಾತಿಯ ಲೋಟದಲ್ಲಿ ಮಾತ್ರ ಮೋಡವೆದ್ದಿದ್ದರೆ ಜಿಪ್ಸಮ್ ಹಾಕುವ ಹೊತ್ತಾಯಿತು.